ದ್ವಿಭಾಷಾ ಬಿಲ್ಲು ಹಾಗೂ ಚಲನ್‌ಗಳಲ್ಲಿ ಅಂಕಿಗಳ ನಿರ್ಣಯ

ವ್ಯಾಪಾರದ ಹಳೆಯ ಕಾಗದಗಳನ್ನು ಆಧಾರವಾಗಿಟ್ಟುಕೊಂಡು ಆರ್ಥಿಕ ಇತಿಹಾಸವನ್ನು ಬರೆಯಹೊರಟವನಿಗೆ ಮೊದಲು ಎದುರಾಗುವ ತೊಡಕು ಭಾಷೆಯದಲ್ಲ, ಅಂಕಿಯದು. ಅಂಗಡಿಯ ಹೆಸರು ಮೇಲ್ಭಾಗದಲ್ಲಿ ಎರಡು ಭಾಷೆಗಳಲ್ಲಿ ಅಚ್ಚಾಗಿರುತ್ತದೆ; ಸರಕಿನ ಹೆಸರನ್ನು ಗುಮಾಸ್ತನು ಕನ್ನಡದಲ್ಲಿ ಬರೆದಿರುತ್ತಾನೆ; ಕ್ರಮಸಂಖ್ಯೆ ಇಂಗ್ಲಿಷಿನಲ್ಲಿ ಮುದ್ರಿತವಾಗಿರುತ್ತದೆ; ದರ ಮತ್ತು ಮೊಬಲಗು ಯಾವ ಲಿಪಿಯಲ್ಲಿದೆಯೆಂಬುದು ಮಾತ್ರ ಒಮ್ಮೊಮ್ಮೆ ಹೇಳಲಾಗದು. ಕಾಗದದ ಚಿತ್ರದಿಂದ ಅಕ್ಷರಗಳನ್ನು ಗಣಕಯಂತ್ರವೇ ಓದುವ ಈ ಕಾಲದಲ್ಲಿ ಈ ಸಂದಿಗ್ಧ ಕಡಿಮೆಯಾಗಿಲ್ಲ. ಪ್ರಕೃತ ಲೇಖನದಲ್ಲಿ ಈ ಒಂದು ಅಂಶವನ್ನೇ ನಾವು ವಿವೇಚಿಸಬೇಕೆಂದಿದ್ದೇವೆ.

ಪದಗಳ ಮಟ್ಟದಲ್ಲಿ ಎರಡು ಲಿಪಿಗಳನ್ನು ಬೇರ್ಪಡಿಸುವುದು ಅಷ್ಟು ಕಷ್ಟವಲ್ಲ. ಕನ್ನಡದ ಬಹುಪಾಲು ಅಕ್ಷರಗಳಿಗೆ ತಲೆಕಟ್ಟು ಉಂಟು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷ್ ಅಕ್ಷರಗಳಲ್ಲಿ ನೆಟ್ಟಗಿನ ಗೀಟುಗಳು ಹೆಚ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ಅಶ್ವಿನ್ ಮತ್ತು ಪಿ. ಎಸ್. ಶಾಸ್ತ್ರಿಯವರು ಮುದ್ರಿತ ಕನ್ನಡವನ್ನು ಯಂತ್ರದಿಂದ ಓದಿಸುವ ಒಂದು ವಿಧಾನವನ್ನು 2002ರಲ್ಲಿಯೇ ಪ್ರಕಟಿಸಿದರು. 2005ರಲ್ಲಿ ಸಾರ್ವಜನಿಕರಿಗೆ ಮುಕ್ತವಾದ ಟೆಸರ್ಯಾಕ್ಟ್ ಎಂಬ ತಂತ್ರಾಂಶಕ್ಕೆ ಇಂದು `-l kan+eng` ಎಂದು ಸೂಚನೆ ಕೊಟ್ಟರೆ ಅದು ಎರಡೂ ಭಾಷೆಗಳನ್ನು ಒಟ್ಟಿಗೆ ಪರಿಗಣಿಸಿ, ಪದಪದಕ್ಕೂ ಹೆಚ್ಚು ನಂಬುಗೆಯ ಪಾಠವನ್ನು ಆರಿಸಿಕೊಳ್ಳುತ್ತದೆ. ಆದರೆ ಅಂಕಿಗೆ ತಲೆಕಟ್ಟೂ ಇಲ್ಲ, ಒತ್ತೂ ಇಲ್ಲ. ‘ಅಕ್ಕಿ’ ಎಂಬ ಪದವನ್ನು ಇಂಗ್ಲಿಷೆಂದು ಓದುವ ಯಂತ್ರವನ್ನು ನಾವು ಕಂಡಿಲ್ಲ. ಅದರ ಪಕ್ಕದ ದರವನ್ನು ತಪ್ಪಾಗಿ ಓದಿದ್ದನ್ನು ಹಲವು ಬಾರಿ ಕಂಡಿದ್ದೇವೆ.

ಸಾದೃಶ್ಯಗಳೆಲ್ಲವೂ ಒಂದೇ ಬಗೆಯವಲ್ಲ. ಕನ್ನಡದ ೦ ಮತ್ತು ಇಂಗ್ಲಿಷಿನ 0 ಒಂದೇ ರೂಪದವು, ಒಂದೇ ಬೆಲೆಯವು. ಇವನ್ನು ಅದಲುಬದಲಾಗಿ ಓದಿದರೂ ಮೊತ್ತಕ್ಕೆ ಹಾನಿಯಿಲ್ಲ. ೩ ಮತ್ತು 3 ಎಂಬವುಗಳ ವಿಷಯವೂ ಹೆಚ್ಚುಕಡಿಮೆ ಹೀಗೆಯೇ. ಅಪಾಯವಿರುವುದು ರೂಪ ಒಂದಾಗಿ ಬೆಲೆ ಬೇರೆಯಾಗಿರುವ ಕಡೆ. ಕನ್ನಡದ ೭ ಅವಸರದ ಬರಹದಲ್ಲಿ ಇಂಗ್ಲಿಷಿನ 2ರಂತೆ ಕಾಣುತ್ತದೆ. ಮೇಲ್ಭಾಗ ಕೂಡದೆ ಉಳಿದ 8 ಕನ್ನಡದ ೪ ಆಗುತ್ತದೆ. ಮೇಲಿನ ತುದಿಗಳು ಕೂಡಿಹೋದ ೪ ಇಂಗ್ಲಿಷಿನ 8 ಆಗುತ್ತದೆ. ಬಾಯಿ ಮುಚ್ಚಿದ ೧ ಸೊನ್ನೆಯಾಗುತ್ತದೆ. ಈ ಕಡೆಯ ಎರಡು ದೋಷಗಳಿಗೆ ಕಾರ್ಬನ್ ಹಾಳೆಯೇ ಮುಖ್ಯ ಕಾರಣವೆಂದು ನಮ್ಮ ಅಭಿಪ್ರಾಯ. ಸರಕು ಮತ್ತು ಸೇವಾ ತೆರಿಗೆಯ ನಿಯಮಗಳ ಪ್ರಕಾರ ರವಾನೆಯ ಚಲನ್ ಮೂರು ಪ್ರತಿಗಳಲ್ಲಿರಬೇಕು: ಮೂಲಪ್ರತಿ ಸರಕು ಪಡೆಯುವವನಿಗೆ, ಎರಡನೆಯದು ಸಾಗಿಸುವವನಿಗೆ, ಮೂರನೆಯದು ಕಳುಹಿಸಿದವನಿಗೆ. ಕೈಬರಹದ ಪುಸ್ತಕದಲ್ಲಿ ಕಳುಹಿಸಿದವನ ಕಡತದಲ್ಲಿ ಉಳಿಯುವುದು ಎರಡು ಕಾರ್ಬನ್ನುಗಳ ಕೆಳಗಿನ ಹಾಳೆ. ಅಲ್ಲಿ ಗೆರೆ ದಪ್ಪವಾಗಿ, ಮಸಿ ಹರಡಿ, ತೆರೆದ ಬಾಯಿಗಳು ಮುಚ್ಚಿಕೊಳ್ಳುತ್ತವೆ. ಇತಿಹಾಸಕಾರನ ಕೈಗೆ ಬರುವುದೂ ಸಾಮಾನ್ಯವಾಗಿ ಈ ಪ್ರತಿಯೇ.

ಆದುದರಿಂದ ಒಂದೊಂದು ಅಂಕಿಯನ್ನು ಬಿಡಿಯಾಗಿ ನಿರ್ಣಯಿಸುವುದು ಸಲ್ಲದು. ಒಬ್ಬ ಬರಹಗಾರನು ಒಂದೇ ಕಂಬಸಾಲಿನಲ್ಲಿ ಎರಡು ಲಿಪಿಗಳ ಅಂಕಿಗಳನ್ನು ಬೆರೆಸುವುದು ಅಪೂರ್ವ. ಹೀಗಾಗಿ ಕಂಬಸಾಲನ್ನೇ ಒಂದು ಘಟಕವಾಗಿ ಹಿಡಿದು, ಅದರಲ್ಲಿ ನಿಸ್ಸಂದೇಹವಾದ ಅಂಕಿಯೊಂದನ್ನು ಹುಡುಕಬೇಕು. ಇದಕ್ಕೆ ೫ ಬಹಳ ಉಪಯುಕ್ತ, ಇಂಗ್ಲಿಷಿನ ಯಾವ ಅಂಕಿಯೂ ಅದನ್ನು ಹೋಲುವುದಿಲ್ಲ. ಆದರೆ ಸರಕಿನ ಹೆಸರು ಕನ್ನಡದಲ್ಲಿದೆಯೆಂಬ ಮಾತ್ರಕ್ಕೆ ಅಂಕಿಯೂ ಕನ್ನಡವೆಂದು ಭಾವಿಸಕೂಡದು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 343ನೆಯ ವಿಧಿ ಒಕ್ಕೂಟದ ಅಧಿಕೃತ ವ್ಯವಹಾರಕ್ಕೆ ಭಾರತೀಯ ಅಂಕಿಗಳ ಅಂತಾರಾಷ್ಟ್ರೀಯ ರೂಪವನ್ನು ಗೊತ್ತುಮಾಡಿತು. ಅದು ಅಂಗಡಿಯವನನ್ನು ಕಟ್ಟಿಹಾಕುವ ವಿಧಿಯಲ್ಲ. ಆದರೂ ಕನ್ನಡ ಬರಹದ ನಡುವೆ ಇಂಗ್ಲಿಷ್ ಅಂಕಿ ಇಂದು ಎಲ್ಲೆಡೆಯೂ ಕಾಣುವ ಸಂಗತಿ. ಈ ಲೇಖನವೂ ಅದಕ್ಕೆ ಸಾಕ್ಷಿಯಾಗಿದೆ.

ಉದಾಹರಣೆಗಾಗಿ ಒಂದು ಬಿಲ್ಲನ್ನು ಕಲ್ಪಿಸಿಕೊಳ್ಳೋಣ. ಮೊದಲ ಸಾಲಿನಲ್ಲಿ ಅಕ್ಕಿ, ೧೨ ಕಿಲೋ, ದರ ೪೭, ಮೊಬಲಗು ೫೬೪. ಎರಡನೆಯ ಸಾಲಿನಲ್ಲಿ ಬೆಲ್ಲ, ೧ ಕಿಲೋ, ದರ ೭೪, ಮೊಬಲಗು ೭೪. ಒಟ್ಟು ೬೩೮. ಯಂತ್ರವು ೪ನ್ನು 8 ಎಂದೂ ೭ನ್ನು 2 ಎಂದೂ ಓದಿತೆನ್ನೋಣ. ಆಗ ಅಕ್ಕಿಯ ದರ 82 ಆಗುತ್ತದೆ. ಮೊಬಲಗು 568 ಆಗುತ್ತದೆ. ಹನ್ನೆರಡನ್ನು 82ರಿಂದ ಗುಣಿಸಿದರೆ 984 ಬರುತ್ತದೆ, 568 ಅಲ್ಲ. ಕನ್ನಡದ ಪಾಠವನ್ನು ಹಿಡಿದರೆ ಹನ್ನೆರಡು ನಲವತ್ತೇಳಲಿ 564, ಸರಿಹೊಂದುತ್ತದೆ. ಹೀಗೆ ಮೊದಲ ಸಾಲು ಗುಣಾಕಾರದಿಂದಲೇ ಇತ್ಯರ್ಥವಾಯಿತು.

ಬೆಲ್ಲದ ಸಾಲಿನಲ್ಲಿ ಈ ಉಪಾಯ ನಡೆಯದು. ಪ್ರಮಾಣ ಒಂದೇ ಆಗಿರುವುದರಿಂದ ದರವೂ ಮೊಬಲಗೂ ಒಂದೇ. ಎರಡನ್ನೂ 28 ಎಂದು ತಪ್ಪಾಗಿ ಓದಿದರೂ ಲೆಕ್ಕ ಸರಿಯೆಂದೇ ತೋರುತ್ತದೆ. ತಪ್ಪು ತನ್ನನ್ನೇ ಸಮರ್ಥಿಸಿಕೊಳ್ಳುವ ಈ ಸನ್ನಿವೇಶವನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಇಲ್ಲಿ ಕೆಳಗಿನ ಮೊತ್ತವೊಂದೇ ದಿಕ್ಕು: 564ಕ್ಕೆ 28ನ್ನು ಕೂಡಿಸಿದರೆ 592, 74ನ್ನು ಕೂಡಿಸಿದರೆ 638. ಕಾಗದದಲ್ಲಿರುವುದು ೬೩೮, ಮತ್ತು ಅದರಲ್ಲಿ ಮೇಲೆ ಹೇಳಿದ ಮೂರು ಸಂದಿಗ್ಧ ಅಂಕಿಗಳಲ್ಲಿ ಒಂದೂ ಇಲ್ಲ. ಆದುದರಿಂದ ಬೆಲ್ಲದ ದರ 74 ಎಂದು ಧೈರ್ಯವಾಗಿ ಬರೆದುಕೊಳ್ಳಬಹುದು.

1957ರ ಏಪ್ರಿಲ್ 1ಕ್ಕೆ ಹಿಂದಿನ ಬಿಲ್ಲುಗಳಲ್ಲಿ ಲೆಕ್ಕದ ಕ್ರಮವೇ ಬೇರೆ. ಅಂದು ದಶಮಾಂಶ ನಾಣ್ಯ ಪದ್ಧತಿ ಜಾರಿಗೆ ಬಂದು ರೂಪಾಯಿಗೆ ನೂರು ನಯೇ ಪೈಸೆಯಾಯಿತು. ಅದಕ್ಕೆ ಮೊದಲು ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಹಳೆಯ ಮೊಬಲಗನ್ನು ದಶಮಾಂಶವೆಂದು ತಿಳಿದು ಕೂಡಿಸಿದರೆ ಸರಿಯಾದ ಪಾಠವೂ ತಪ್ಪೆಂದು ತೋರುತ್ತದೆ. ಆದರೆ ಈ ಪದ್ಧತಿಯಲ್ಲಿ ನಮಗೆ ಒಂದು ಅನುಕೂಲವೂ ಉಂಟು. ಆಣೆಯ ಮನೆಯಲ್ಲಿ ಹದಿನೈದಕ್ಕಿಂತಲೂ ಪೈಯ ಮನೆಯಲ್ಲಿ ಹನ್ನೊಂದಕ್ಕಿಂತಲೂ ಹೆಚ್ಚಿನ ಸಂಖ್ಯೆ ಬರಲಾರದು. ೩-೧೪-೬ ಎಂಬುದನ್ನು ಯಂತ್ರವು 3-18-6 ಎಂದು ಕೊಟ್ಟರೆ, ಗುಣಾಕಾರದ ಅಗತ್ಯವೇ ಇಲ್ಲದೆ ಆ ಪಾಠವನ್ನು ತಳ್ಳಿಹಾಕಬಹುದು. ಹದಿನೆಂಟು ಆಣೆ ಎಂದು ಯಾವ ಗುಮಾಸ್ತನೂ ಬರೆಯುತ್ತಿರಲಿಲ್ಲ, ಒಂದು ರೂಪಾಯಿ ಎರಡಾಣೆ ಎಂದು ಬರೆಯುತ್ತಿದ್ದನು.

ಈ ಹಳೆಯ ಕಾಗದಗಳಲ್ಲಿ ಕಾಲು, ಅರೆ, ಮುಕ್ಕಾಲುಗಳನ್ನು ಒಂದು, ಎರಡು, ಮೂರು ನೆಟ್ಟಗಿನ ಗೆರೆಗಳಿಂದ ಸೂಚಿಸುವ ರೂಢಿಯೂ ಉಂಟು. ಇಂಗ್ಲಿಷ್ ಕಣ್ಣಿಗೆ ಅರೆಯ ಎರಡು ಗೆರೆಗಳು 11 ಆಗುತ್ತವೆ. ಎರಡೂವರೆ ಸೇರು 211 ಸೇರಾಗುತ್ತದೆ. ಇಂತಹ ದೋಷವು ಅತಿಶಯವಾಗಿರುವುದರಿಂದ ಬೇಗನೆ ಸಿಕ್ಕಿಬೀಳುತ್ತದೆ. ಮೊಬಲಗಿನ ಮುಂದಿನ ಓರೆಗೆರೆಯನ್ನು ಒಂದು ಎಂದು ಓದಿ 47/- ಎಂಬುದನ್ನು 471 ಮಾಡುವ ದೋಷವೂ ಇದೇ ಜಾತಿಯದು.

ಪಾಠ ನಿರ್ಣಯವಾದ ಮೇಲೆ ಅದನ್ನು ದಾಖಲಿಸುವ ಕ್ರಮದ ಬಗೆಗೆ ಒಂದು ಮಾತು. ಯೂನಿಕೋಡ್ ಸಂಕೇತಮಾಲೆಯಲ್ಲಿ ಕನ್ನಡದ ಅಂಕಿಗಳಿಗೆ U+0CE6ರಿಂದ U+0CEFರವರೆಗೆ ಪ್ರತ್ಯೇಕ ಸ್ಥಾನಗಳಿವೆ. ಕನ್ನಡದ ಅನುಸ್ವಾರಕ್ಕೆ U+0C82 ಎಂಬ ಬೇರೆ ಸ್ಥಾನವಿದೆ. ಸೊನ್ನೆ ಮತ್ತು ಅನುಸ್ವಾರ ಕಣ್ಣಿಗೆ ಒಂದೇ ಆದರೂ ಯಂತ್ರಕ್ಕೆ ಬೇರೆ ಬೇರೆ. ೧೦ ಎಂಬಲ್ಲಿ ಸೊನ್ನೆಗೆ ಬದಲು ಅನುಸ್ವಾರ ಬಿದ್ದರೆ ಪರದೆಯ ಮೇಲೆ ದೋಷ ಕಾಣದು, ಆದರೆ ಮೊತ್ತ ಬರುವುದಿಲ್ಲ. ಆದುದರಿಂದ ಕಾಗದದಲ್ಲಿ ಇದ್ದ ಲಿಪಿಯಲ್ಲಿಯೇ ಒಂದು ಮನೆಯಲ್ಲಿ ಅಂಕಿಯನ್ನು ಉಳಿಸಿ, ಪಕ್ಕದ ಮನೆಯಲ್ಲಿ ಅದರ ಬೆಲೆಯನ್ನು ಅಂತಾರಾಷ್ಟ್ರೀಯ ಅಂಕಿಯಲ್ಲಿ ಬರೆಯುವುದನ್ನು ನಾವು ಪದ್ಧತಿಯಾಗಿಟ್ಟುಕೊಂಡಿದ್ದೇವೆ. ಕೆಳಗಿನ ಮೊತ್ತ ಹರಿದುಹೋದ ಬಿಲ್ಲಿನಲ್ಲಿ, ಪ್ರಮಾಣ ಒಂದೇ ಇರುವ ಸಾಲಿನ ದರ ಸಂದಿಗ್ಧವಾಗಿಯೇ ಉಳಿದರೆ, ಬೆಲೆಯ ಮನೆಯನ್ನು ಬರಿದಾಗಿ ಬಿಡುತ್ತೇವೆ; ಊಹೆಯಿಂದ ತುಂಬುವುದಿಲ್ಲ.