ಅನುವಾದದ ಅಳತೆ ಮತ್ತು ದರ: ಇತಿಹಾಸ

ಅನುವಾದದ ಕೆಲಸವನ್ನು ಯಾವುದರಲ್ಲಿ ಅಳೆಯಬೇಕು, ಆ ಅಳತೆಗೆ ಎಷ್ಟು ಬೆಲೆ ಕಟ್ಟಬೇಕು ಎಂಬ ರೂಢಿಗಳು ಕಾಲದಿಂದ ಕಾಲಕ್ಕೆ, ದೇಶದಿಂದ ದೇಶಕ್ಕೆ ಬದಲಾಗುತ್ತ ಬಂದಿವೆ. ‘ಪದಕ್ಕೆ ಇಷ್ಟು’ ಎಂಬ ದರವೇ ಮೂಲದಿಂದ ಇದ್ದದ್ದು ಎಂಬ ಭಾವನೆ ವ್ಯಾಪಕವಾಗಿದ್ದರೂ ಅದು ಗಟ್ಟಿಯಾಗಿ ನೆಲೆಯೂರಿದ್ದು ಪದಗಳನ್ನು ಕಂಪ್ಯೂಟರ್ ಎಣಿಸಿಕೊಡತೊಡಗಿದ ಮೇಲೆ. ಅದಕ್ಕೂ ಮುಂಚೆ ಸಾಲು ಮತ್ತು ಪುಟ ಇದ್ದವು. ಇವು ಈಗಲೂ ಹಲವೆಡೆ ಕಾನೂನಿನ ಬಲದಿಂದಲೇ ಉಳಿದಿವೆ.

ಬರವಣಿಗೆಯನ್ನು ಅಳೆದು ಕೂಲಿ ಕೊಡುವ ಪದ್ಧತಿಗೆ ಸ್ಪಷ್ಟವಾದ ಹಳೆಯ ದಾಖಲೆ ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್ ಕ್ರಿ.ಶ. 301ರಲ್ಲಿ ಹೊರಡಿಸಿದ ಗರಿಷ್ಠ ಬೆಲೆಗಳ ಶಾಸನ. ಅತ್ಯುತ್ತಮ ಬರಹದ 100 ಸಾಲುಗಳಿಗೆ ಲಿಪಿಕಾರ 25 ದಿನಾರಿಯಸ್ ಪಡೆಯಬಹುದೆಂದು ಅದು ಮಿತಿ ಹಾಕಿತು. ಇದು ಪ್ರತಿ ಮಾಡುವ ಕೆಲಸದ ದರ, ಅನುವಾದದ್ದಲ್ಲ. ಆದರೆ ಬರವಣಿಗೆಯನ್ನು ಸಾಲಿನ ಲೆಕ್ಕದಲ್ಲಿ ಮಾರುವ ಕಲ್ಪನೆ ಅಲ್ಲಿ ಆಗಲೇ ಇತ್ತು. ಸಾಲು ಎಂದರೆ ಹಾಳೆಯ ಮೇಲೆ ಕಾಣುವ ಸಾಲೇ ಆಗಿರಬೇಕಿರಲಿಲ್ಲ. ಗ್ರೀಕ್ ಹಸ್ತಪ್ರತಿಗಳ ಕೊನೆಯಲ್ಲಿ ಬರೆದಿಟ್ಟ ಸಾಲಿನ ಮೊತ್ತವು ಸುಮಾರು 15–16 ಉಚ್ಚಾರಾಂಶಗಳ ಒಂದು ಮಾದರಿ ಸಾಲನ್ನು ಆಧರಿಸಿದ್ದೆಂದು ಫ್ರೆಂಚ್ ವಿದ್ವಾಂಸ ಶಾರ್ಲ್ ಗ್ರೋ 1878ರಲ್ಲಿ ತೋರಿಸಿದ. ಈ ಮೊತ್ತ ಕೂಲಿಗಾಗಿಯೋ, ಪ್ರತಿ ಪೂರ್ಣವಾಗಿದೆಯೆಂದು ಪರೀಕ್ಷಿಸಲಿಕ್ಕೋ, ಉಲ್ಲೇಖಕ್ಕೋ ಎಂಬುದರಲ್ಲಿ ಒಮ್ಮತವಿಲ್ಲ. ಮೂರಕ್ಕೂ ಬಳಕೆಯಾಗಿರಬಹುದು. ಭಾರತದ ಹಸ್ತಪ್ರತಿಗಳಲ್ಲಿ ಇದಕ್ಕೆ ಸಾಟಿಯಾದ ಅಳತೆ ‘ಗ್ರಂಥ’. 32 ಅಕ್ಷರಗಳ ಅನುಷ್ಟುಪ್ ಶ್ಲೋಕವೇ ಒಂದು ಗ್ರಂಥ. ಗದ್ಯವನ್ನೂ ಅದೇ ಲೆಕ್ಕಕ್ಕೆ ತಂದು ಕೃತಿಯ ಗಾತ್ರವನ್ನು ಹೇಳುತ್ತಿದ್ದರು.

ಟೈಪ್‌ರೈಟರ್ ಬಂದ ಮೇಲೆ ಪುಟ ಗಟ್ಟಿಯಾದ ಅಳತೆಯಾಯಿತು. ಸಾಲಿಗೆ 60 ಅಕ್ಷರ, ಪುಟಕ್ಕೆ 30 ಸಾಲು, ಒಟ್ಟು 1,800 ಅಕ್ಷರಸ್ಥಾನ: ಜೆಕ್ ದೇಶದ ‘ಮಾದರಿ ಪುಟ’ ಇಂದಿಗೂ ಇದೇ. ಪೋಲೆಂಡಿನಲ್ಲಿ ಪ್ರಮಾಣೀಕೃತ ಅನುವಾದದ ಪುಟಕ್ಕೆ 1,125 ಅಕ್ಷರ, ಮತ್ತು ಶುರುವಾದ ಪುಟ ಪೂರ್ತಿ ಪುಟವೆಂದೇ ಲೆಕ್ಕ. ಹೀಗಾಗಿ 1,130 ಅಕ್ಷರಗಳ ಜನನ ಪ್ರಮಾಣಪತ್ರಕ್ಕೆ ಎರಡು ಪುಟದ ಹಣ. ಪುಟದ ದರ ಒಂದೇ ಇದ್ದರೂ ಪುಟದ ಗಾತ್ರ ಬೇರೆ ಬೇರೆ ಇರುವುದನ್ನು ಗಮನಿಸದೆ ದೇಶಗಳ ದರಗಳನ್ನು ಹೋಲಿಸಿದ ಪಟ್ಟಿಗಳು ನಂಬತಕ್ಕವಲ್ಲ.

ಜರ್ಮನಿ ಪುಟದ ಬದಲು ಸಾಲನ್ನೇ ಉಳಿಸಿಕೊಂಡಿತು. ನ್ಯಾಯಾಲಯದ ಅನುವಾದಗಳ ಸಂಭಾವನೆಯನ್ನು ಗೊತ್ತುಪಡಿಸುವ 2004ರ ಕಾನೂನಿನಲ್ಲಿ ಖಾಲಿ ಜಾಗವೂ ಸೇರಿ 55 ಅಕ್ಷರಸ್ಥಾನಕ್ಕೆ ಒಂದು ಸಾಲು. 2021ರ ಪರಿಷ್ಕರಣೆಯಲ್ಲಿ ತಿದ್ದಲು ಬರುವ ಕಡತವಾಗಿ ಸಿಕ್ಕ ಸಾಮಾನ್ಯ ಪಠ್ಯಕ್ಕೆ ಸಾಲಿಗೆ 1.80 ಯೂರೋ ಆಯಿತು. ಎಣಿಸುವುದು ಅನುವಾದಗೊಂಡ ಪಠ್ಯವನ್ನು. ಮೂಲದಲ್ಲಿ ಮಾತ್ರ ಲ್ಯಾಟಿನ್ ಲಿಪಿ ಇದ್ದರೆ ಆಗ ಮೂಲವನ್ನು. ಜರ್ಮನ್‌ನಿಂದ ಕನ್ನಡಕ್ಕೆ ತಂದರೂ ಕನ್ನಡದಿಂದ ಜರ್ಮನ್‌ಗೆ ಒಯ್ದರೂ ಎಣಿಕೆ ಜರ್ಮನ್ ಬದಿಯಲ್ಲೇ ನಡೆಯುತ್ತದೆ.

ಈ ವಿನಾಯಿತಿಗೆ ಅರ್ಥವಿದೆ. ಕನ್ನಡದಲ್ಲಿ ‘ಸ್ತ್ರೀ’ ಎಂಬುದು ಓದುಗನಿಗೆ ಒಂದೇ ಅಕ್ಷರ. ಯೂನಿಕೋಡ್ ಎಣಿಕೆಯಲ್ಲಿ ಅದು ಆರು ಸಂಕೇತ. ಅಕ್ಷರಸ್ಥಾನದ ಲೆಕ್ಕ ಹೀಗೆ ಉಬ್ಬಿದರೆ ಪದದ ಲೆಕ್ಕ ತಗ್ಗುತ್ತದೆ. ವಿಭಕ್ತಿ, ಕಾಲ, ಲಿಂಗ, ವಚನವೆಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ಇಂಗ್ಲಿಷ್ ಪಠ್ಯಕ್ಕಿಂತ ಅದರ ಕನ್ನಡ ರೂಪದಲ್ಲಿ ಪದಗಳು ಸಾಮಾನ್ಯವಾಗಿ ಕಡಿಮೆ. ಕನ್ನಡ ಅನುವಾದಕ ತನ್ನ ಬರಹದ ಪದ ಎಣಿಸಿ ಬಿಲ್ ಹಾಕಿದರೆ ನಷ್ಟ ಅವನದೇ. ಮೂಲದ ಪದ ಎಣಿಸುವುದರಿಂದ ಇನ್ನೊಂದು ಅನುಕೂಲವೂ ಉಂಟು: ಕೆಲಸ ಶುರುವಾಗುವ ಮೊದಲೇ ಇಬ್ಬರಿಗೂ ಮೊತ್ತ ಗೊತ್ತಿರುತ್ತದೆ. ಸ್ಕ್ಯಾನ್ ಮಾಡಿದ ಪ್ರಮಾಣಪತ್ರ, ಕೈಬರಹದ ಕ್ರಯಪತ್ರ ಮುಂತಾದವುಗಳಲ್ಲಿ ಮೂಲವನ್ನು ಯಂತ್ರ ಎಣಿಸಲಾರದು. ಅಲ್ಲಿ ಪುಟದ ದರ ಉಳಿದುಕೊಂಡಿರುವುದಕ್ಕೆ ಇದೇ ಕಾರಣ.

ಯಂತ್ರದ ಎಣಿಕೆಯೂ ನಿರ್ವಿವಾದವಾಗಿರಲಿಲ್ಲ. ಮೈಕ್ರೋಸಾಫ್ಟ್ ವರ್ಡ್‌ನ 2003ರ ಆವೃತ್ತಿ ಪಠ್ಯಪೆಟ್ಟಿಗೆಯೊಳಗಿನ ಪದಗಳನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಅಡ್ಡಗೆರೆಯಿಂದ ಜೋಡಿಸಿದ ಪದ ಒಂದೋ ಎರಡೋ, ಅಂಕಿಯೂ ಪದವೋ ಎಂಬುದಕ್ಕೆ ಒಂದೊಂದು ಸಾಧನ ಒಂದೊಂದು ಉತ್ತರ ಕೊಡುತ್ತದೆ. ಸ್ಥಳೀಕರಣ ಉದ್ಯಮದ ಲೀಸಾ ಸಂಘ ಎಣಿಕೆಗಾಗಿ ಜಿಎಂಎಕ್ಸ್-ವಿ ಎಂಬ ಮಾನಕವನ್ನು ತಂದಿತು. 2011ರಲ್ಲಿ ಸಂಘವೇ ಮುಚ್ಚಿತು. ಮಾರುಕಟ್ಟೆ ಆಯಾ ಸಾಧನದ ಎಣಿಕೆಯನ್ನೇ ನೆಚ್ಚಿಕೊಂಡು ಉಳಿಯಿತು.

ದರದ ಇತಿಹಾಸದ ನಿಜವಾದ ತಿರುವು ಇರುವುದು ಪುನರಾವರ್ತನೆಯ ಎಣಿಕೆಯಲ್ಲಿ. ಒಮ್ಮೆ ಅನುವಾದವಾದದ್ದನ್ನು ಕಂಪ್ಯೂಟರ್ ತನ್ನ ಸ್ಮೃತಿಯಲ್ಲಿ ಕಾದಿಟ್ಟು, ಅದೇ ಪಠ್ಯ ಮತ್ತೆ ಬಂದಾಗ ಎತ್ತಿಕೊಡಬೇಕೆಂಬ ಸಲಹೆಯನ್ನು ಯುರೋಪಿಯನ್ ಸಮುದಾಯಗಳ ಮಂಡಳಿಯ ಅನುವಾದ ವಿಭಾಗದ ಪೀಟರ್ ಆರ್ಥರ್ನ್ 1978ರಲ್ಲಿ ಮುಂದಿಟ್ಟಿದ್ದ. ಅದನ್ನು ಮಾರುಕಟ್ಟೆಗೆ ಹರಡಿದವರಲ್ಲಿ ಪ್ರಮುಖ ಸಂಸ್ಥೆ ಟ್ರಾಡೋಸ್. ಯೋಖೆನ್ ಹುಮ್ಮೆಲ್ ಮತ್ತು ಈಕೋ ಕ್ನಿಫೌಸೆನ್ 1984ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಸ್ಥಾಪಿಸಿದ ಇದು ಮೊದಲು ಸ್ವತಃ ಅನುವಾದ ಸೇವೆಯ ಸಂಸ್ಥೆಯಾಗಿತ್ತು. 1990ರ ದಶಕದಲ್ಲಿ ಅದರ ಸಾಧನ ಪಠ್ಯವನ್ನು ವಾಕ್ಯವಾಕ್ಯವಾಗಿ ಹಳೆಯ ಅನುವಾದದೊಡನೆ ಹೋಲಿಸಿ, ಪೂರ್ತಿ ಹೊಂದಿದವು, ಭಾಗಶಃ ಹೊಂದಿದವು, ಹೊಸವು ಎಂದು ಪದಗಳನ್ನು ವಿಂಗಡಿಸಿ ಕೊಡುತ್ತಿತ್ತು. ಅನುವಾದಕನ ಶ್ರಮ ಉಳಿಸಲು ಹುಟ್ಟಿದ ಈ ವಿಂಗಡಣೆಯನ್ನು ಗಿರಾಕಿಗಳೂ ಏಜೆನ್ಸಿಗಳೂ ದರಪಟ್ಟಿಯಾಗಿ ಓದತೊಡಗಿದರು. ಅಲ್ಲಿಂದ ‘ಟ್ರಾಡೋಸ್ ರಿಯಾಯಿತಿ’ ಎಂಬ ಮಾತೇ ಚಾಲ್ತಿಗೆ ಬಂತು.

ಉದಾಹರಣೆಗೆ ಬಟ್ಟೆ ಒಗೆಯುವ ಯಂತ್ರದ ಕೈಪಿಡಿಯೊಂದು ಇಂಗ್ಲಿಷ್‌ನಲ್ಲಿ 10,000 ಪದ ಇದೆಯೆನ್ನಿ. ಹೊಸವು 4,000, ಭಾಗಶಃ ಹೊಂದುವವು 2,500, ಹಿಂದಿನ ಮಾದರಿಯ ಕೈಪಿಡಿಯಿಂದ ಪೂರ್ತಿ ಹೊಂದುವವು 1,500, ಇದೇ ಕಡತದೊಳಗೆ ಮರುಕಳಿಸುವವು 2,000. ಭಾಗಶಃ ಹೊಂದಿದ್ದಕ್ಕೆ ಶೇ 60, ಉಳಿದೆರಡಕ್ಕೆ ಶೇ 25 ಎಂದು ಒಪ್ಪಂದವಾದರೆ 4,000, 1,500, 375, 500 ಸೇರಿ 6,375 ‘ತೂಕದ ಪದ’ಗಳಾಗುತ್ತವೆ. ಪದಕ್ಕೆ 2 ರೂಪಾಯಿ ಎಂದು ಹಿಡಿದರೆ 20,000 ರೂಪಾಯಿಯ ಕೆಲಸ 12,750ಕ್ಕೆ ಇಳಿಯಿತು. ಗಡುವೂ ಇದೇ ಲೆಕ್ಕದಲ್ಲಿ ಕುಗ್ಗುತ್ತದೆ: ದಿನಕ್ಕೆ 2,000 ಪದ ಎಂಬ ರೂಢಿಯ ಅಂದಾಜಿನಲ್ಲಿ ಐದು ದಿನದ ಕೆಲಸ ಮೂರು ದಿನಕ್ಕೆ ಸ್ವಲ್ಪ ಮೇಲೆ ನಿಲ್ಲುತ್ತದೆ.

ವಿವಾದ ಇರುವುದು ಶೇಕಡಾವಾರಿನ ಅರ್ಥದಲ್ಲಿ. ಹೋಲಿಕೆ ಅಳೆಯುವುದು ಮೂಲ ಭಾಷೆಯ ಬದಿಯಲ್ಲಿ, ಶ್ರಮ ಬೀಳುವುದು ಅನುವಾದದ ಬದಿಯಲ್ಲಿ. ‘ದಿ ಮಷೀನ್ ಹ್ಯಾಸ್ ಸ್ಟಾಪ್ಡ್’ ಎಂಬುದಕ್ಕೆ ‘ಯಂತ್ರ ನಿಂತಿದೆ’ ಎಂಬ ಅನುವಾದ ಸ್ಮೃತಿಯಲ್ಲಿದೆ. ಮುಂದೆ ‘ದಿ ಆಪರೇಟರ್ ಹ್ಯಾಸ್ ಸ್ಟಾಪ್ಡ್’ ಬಂದಾಗ ನಾಲ್ಕರಲ್ಲಿ ಒಂದು ಪದ ಮಾತ್ರ ಬದಲು. ಪದಗಳ ಲೆಕ್ಕದಲ್ಲಿ ಮುಕ್ಕಾಲು ಪಾಲು ಹೊಂದಿಕೆ. ಕನ್ನಡದಲ್ಲಿ ‘ನಿರ್ವಾಹಕರು ನಿಂತಿದ್ದಾರೆ’ ಆಗಬೇಕು, ಅಂದರೆ ಇದ್ದ ಎರಡೂ ಪದ ಬದಲು. ರಿಯಾಯಿತಿ ಕೊಟ್ಟದ್ದು ಮುಕ್ಕಾಲಿಗೆ, ಉಳಿದದ್ದು ಸೊನ್ನೆ. ಪೂರ್ತಿ ಹೊಂದಿಕೆಯೂ ಸುರಕ್ಷಿತವಲ್ಲ: ‘ಓಪನ್’ ಎಂಬ ಒಂಟಿ ಪದ ಗುಂಡಿಯ ಮೇಲಿದ್ದರೆ ‘ತೆರೆ’, ಸ್ಥಿತಿ ತೋರಿಸುವಲ್ಲಿದ್ದರೆ ‘ತೆರೆದಿದೆ’. ಸಂದರ್ಭ ನೋಡಿ ಖಚಿತಪಡಿಸುವ ಕೆಲಸವನ್ನು ಪೂರ್ತಿ ಕೈಬಿಡಲಾಗದು. ಆದ್ದರಿಂದಲೇ ಅನುಭವಿಗಳು ಪೂರ್ತಿ ಹೊಂದಿದ್ದಕ್ಕೂ ಶೂನ್ಯ ದರ ಒಪ್ಪುವುದಿಲ್ಲ. ಒಪ್ಪಿದರೆ ಆ ವಾಕ್ಯಗಳ ಹೊಣೆ ತಮ್ಮದಲ್ಲವೆಂದು ಬರೆಸಿಕೊಳ್ಳುತ್ತಾರೆ. ಸ್ಮೃತಿಯಲ್ಲಿರುವ ಹಳೆಯ ಅನುವಾದವೇ ತಪ್ಪಾಗಿದ್ದರೆ ತಿದ್ದುವ ಶ್ರಮ ಯಾವ ಕಲಮಿನಲ್ಲೂ ಕಾಣುವುದಿಲ್ಲ. ವಿಶ್ಲೇಷಣೆಯ ಅಂಕಿ ನೋಡಿ ದರ ಹೇಳುವ ಮೊದಲು ಸ್ಮೃತಿಯ ಹತ್ತಿಪ್ಪತ್ತು ವಾಕ್ಯಗಳನ್ನು ತೆರೆದು ಓದುವ ರೂಢಿ ಇದರಿಂದ ಬಂದದ್ದು.

ಯಂತ್ರಾನುವಾದವನ್ನು ತಿದ್ದುವ ಕೆಲಸ 2010ರ ದಶಕದಲ್ಲಿ ಹೆಚ್ಚಿತು. ಅದಕ್ಕೆ 2017ರಲ್ಲಿ ಐಎಸ್ಒ 18587 ಮಾನಕ ಬಂತಾದರೂ ಅದು ದರ ಗೊತ್ತುಪಡಿಸುವುದಿಲ್ಲ. ಕೆಲವರು ಪದದ ದರದಲ್ಲೇ ಒಂದು ಪಾಲು ಕೊಡುತ್ತಾರೆ, ಕೆಲವರು ಕೆಲಸ ಮುಗಿದ ಮೇಲೆ ಎಷ್ಟು ಅಕ್ಷರ ಬದಲಾಯಿತೆಂದು ಎಣಿಸುತ್ತಾರೆ. ಎರಡನೆಯ ಕ್ರಮದಲ್ಲಿ ಮೂಲದೊಡನೆ ತಾಳೆ ನೋಡಿ ಸರಿಯಿದೆಯೆಂದು ಬಿಟ್ಟ ವಾಕ್ಯಕ್ಕೆ ಬೆಲೆಯಿಲ್ಲ. ಇದನ್ನು ಒಪ್ಪದ ಅನುವಾದಕರು ಇಂಥ ಕೆಲಸವನ್ನು ಗಂಟೆಯ ದರಕ್ಕೆ ತೆಗೆದುಕೊಳ್ಳುತ್ತಾರೆ.