ಪ್ಲೇಫೇರನ ಮೂರು ನಕ್ಷೆಗಳು ಮತ್ತು ಇಂಗ್ಲಿಷ್ ವಿವರಣೆಯ ವ್ಯಾಕರಣ

ನಕ್ಷೆಯನ್ನು ಔಪಚಾರಿಕ ಇಂಗ್ಲಿಷಿನಲ್ಲಿ ವಿವರಿಸುವುದು ಇಂದು ಐಇಎಲ್‌ಟಿಎಸ್ ಪರೀಕ್ಷೆಯ ಒಂದು ಪ್ರಶ್ನೆಯಾಗಿ ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತ. ಅದಕ್ಕೆ ಬೇಕಾದ ಪದಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವ ರೂಢಿಯೂ ಇದೆ. ಆದರೆ ಯಾವ ನಕ್ಷೆಗೆ ಯಾವ ಕ್ರಿಯಾಪದ ಒಪ್ಪುತ್ತದೆ ಎಂಬುದು ಪಟ್ಟಿಯಿಂದ ತಿಳಿಯುವುದಿಲ್ಲ. ಅದನ್ನು ತಿಳಿಯಲು ನಕ್ಷೆಗಳು ಹುಟ್ಟಿದ ಬಗೆಯನ್ನೇ ನೋಡಬೇಕು.

ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲಿ ಲಂಡನ್ನಿನಲ್ಲಿ ‘ದಿ ಕಮರ್ಷಿಯಲ್ ಅಂಡ್ ಪೊಲಿಟಿಕಲ್ ಅಟ್ಲಾಸ್’ ಪ್ರಕಟಿಸಿದ. ಅದರಲ್ಲಿ ಹೆಚ್ಚಿನವು ವರ್ಷದಿಂದ ವರ್ಷಕ್ಕೆ ಸಾಗುವ ರೇಖಾನಕ್ಷೆಗಳು. ಡೆನ್ಮಾರ್ಕ್ ಮತ್ತು ನಾರ್ವೆಯೊಡನೆ ಇಂಗ್ಲೆಂಡ್ 1700ರಿಂದ 1780ರವರೆಗೆ ನಡೆಸಿದ ವ್ಯಾಪಾರದ ನಕ್ಷೆ ಇವುಗಳಲ್ಲಿ ಪ್ರಸಿದ್ಧ. ಓದುಗರಿಗೆ ಇಂಥ ಚಿತ್ರ ಹೊಸದು. ಆದ್ದರಿಂದ ಕೆಳಗಿನ ಗೆರೆ ವರ್ಷಗಳದ್ದು, ಬಲಬದಿಯ ಗೆರೆಯ ಒಂದೊಂದು ಭಾಗ 10,000 ಪೌಂಡಿನದು ಎಂದು ನಕ್ಷೆಯ ಅಡಿಯಲ್ಲೇ ಬರೆದ. ಆಮದು ಮತ್ತು ರಫ್ತಿನ ಗೆರೆಗಳ ನಡುವಿನ ಜಾಗದಲ್ಲಿ ಮೊದಲು ಇಂಗ್ಲೆಂಡಿಗೆ ಪ್ರತಿಕೂಲ, ಗೆರೆಗಳು ಅಡ್ಡಹಾಯ್ದ ಮೇಲೆ ಅನುಕೂಲ ಎಂದು ಗುರುತಿಸಿದ. ಅಂದರೆ ವಿವರಣೆಯೂ ತೀರ್ಪೂ ಅಲ್ಲಿ ಒಂದೇ ಹಾಳೆಯಲ್ಲಿವೆ.

ಕಾಲ ಸಾಗುವ ಇಂಥ ನಕ್ಷೆಗೆ ಚಲನೆಯ ಕ್ರಿಯಾಪದಗಳು ಬೇಕು: ಏರಿದರೆ ‘ರೋಸ್’, ಇಳಿದರೆ ‘ಫೆಲ್’, ಏರಿಳಿತವಿದ್ದರೆ ‘ಫ್ಲಕ್ಚುಯೇಟೆಡ್’, ತುದಿ ಮುಟ್ಟಿದರೆ ‘ಪೀಕ್ಡ್ ಅಟ್’, ಏರಿಯೋ ಇಳಿದೋ ಸಮತಟ್ಟಾದರೆ ‘ಲೆವೆಲ್ಡ್ ಆಫ್’.

ಅದೇ ಗ್ರಂಥದ ಸ್ಕಾಟ್ಲೆಂಡ್ ಪುಟದಲ್ಲಿ ಪ್ಲೇಫೇರನಿಗೆ ತೊಡಕು ಎದುರಾಯಿತು. ಕೈಯಲ್ಲಿದ್ದದ್ದು 1780ರ ಕ್ರಿಸ್ಮಸ್ಸಿನಿಂದ 1781ರ ಕ್ರಿಸ್ಮಸ್ಸಿನವರೆಗಿನ ಒಂದೇ ವರ್ಷದ ಲೆಕ್ಕ. ವರ್ಷಗಳ ಸಾಲೇ ಇಲ್ಲದಿರುವಾಗ ಗೆರೆ ಎಳೆಯುವುದು ಹೇಗೆ? ಹಾಗಾಗಿ ಸ್ಕಾಟ್ಲೆಂಡಿನೊಡನೆ ವ್ಯಾಪಾರವಿದ್ದ ಒಂದೊಂದು ನಾಡಿಗೂ ಆಮದು, ರಫ್ತುಗಳ ಪಟ್ಟಿಗಳನ್ನು ಎಳೆದ. ಸ್ತಂಭನಕ್ಷೆ ಬಂದದ್ದು ಅಂಕಿಗಳ ಈ ಕೊರತೆಯಿಂದ. ಅಲ್ಲಿ ಯಾವುದೂ ಏರುವುದಿಲ್ಲ, ಇಳಿಯುವುದಿಲ್ಲ. ಒಂದು ಮತ್ತೊಂದಕ್ಕಿಂತ ದೊಡ್ಡದು ಅಥವಾ ಚಿಕ್ಕದು, ಅಷ್ಟೆ. ಆದ್ದರಿಂದ ‘ಹೈಯರ್ ದ್ಯಾನ್’, ‘ಟ್ವೈಸ್ ಆ್ಯಸ್ ಮಚ್ ಆ್ಯಸ್’, ‘ವೇರ್‌ಆ್ಯಸ್’ ಎಂಬ ಹೋಲಿಕೆಯ ನುಡಿಗಳೇ ಇದರ ವ್ಯಾಕರಣ. ಒಂದೇ ವರ್ಷದ ಸ್ತಂಭಗಳನ್ನು ನೋಡಿ, ಎಡದಿಂದ ಬಲಕ್ಕೆ ಎತ್ತರ ಕಡಿಮೆಯಾಯಿತೆಂದು ‘ಡಿಕ್ರೀಸ್ಡ್’ ಎಂದು ಬರೆಯುವುದು ತಪ್ಪು. ತಪ್ಪನ್ನು ಪತ್ತೆಹಚ್ಚುವುದು ಸುಲಭ: ಅಡ್ಡ ಅಕ್ಷದಲ್ಲಿ ಕಾಲವಿಲ್ಲದಿದ್ದರೆ ಚಲನೆಯ ಕ್ರಿಯಾಪದ ಸಲ್ಲದು.

ಮೂರನೆಯದು 1801ರ ‘ಸ್ಟ್ಯಾಟಿಸ್ಟಿಕಲ್ ಬ್ರೀವಿಯರಿ’ಯದು. ತುರ್ಕಿ ಸಾಮ್ರಾಜ್ಯದ ನೆಲವನ್ನು ಏಷ್ಯಾ, ಯುರೋಪ್, ಆಫ್ರಿಕಾಗಳ ಪಾಲಾಗಿ ಪ್ಲೇಫೇರ್ ಒಂದು ವೃತ್ತದೊಳಗೆ ಸೀಳಿ ತೋರಿಸಿದ. ಪೈ ನಕ್ಷೆಗೆ ಒಪ್ಪುವುದು ‘ಅಕೌಂಟೆಡ್ ಫಾರ್’, ‘ಮೇಡ್ ಅಪ್’ ಎಂಬ ಪಾಲಿನ ಕ್ರಿಯಾಪದಗಳು.

ಚಿತ್ರಕಾರನೇ ತೀರ್ಪು ಬರೆಯುತ್ತಿದ್ದ ಪದ್ಧತಿ 20ನೇ ಶತಮಾನದ ಕೊನೆಗೆ ಬೋಧನೆಯಲ್ಲಿ ಬೇರೆಯ ರೂಪ ಪಡೆಯಿತು. 1989ರಲ್ಲಿ ಆರಂಭವಾದ ಐಇಎಲ್‌ಟಿಎಸ್‌ನ ಅಕಾಡೆಮಿಕ್ ಬರವಣಿಗೆಯ ಮೊದಲ ಪ್ರಶ್ನೆ ಈಗ ಕನಿಷ್ಠ 150 ಪದಗಳಲ್ಲಿ ಮುಖ್ಯ ಲಕ್ಷಣಗಳನ್ನೂ ಹೋಲಿಕೆಗಳನ್ನೂ ಕೇಳುತ್ತದೆ. ಕಾರಣವನ್ನಾಗಲಿ ಅಭಿಪ್ರಾಯವನ್ನಾಗಲಿ ಕೇಳುವುದಿಲ್ಲ. ಜಾನ್ ಸ್ವೇಲ್ಸ್ ಮತ್ತು ಕ್ರಿಸ್ಟೀನ್ ಫೀಕ್ 1994ರ ತಮ್ಮ ಪಠ್ಯದಲ್ಲಿ ಸಂಶೋಧನಾ ಬರಹಕ್ಕೆ ಹೇಳಿದ ಕ್ರಮ ಇದಕ್ಕಿಂತ ವಿಶಾಲ. ಮೊದಲು ಅಂಕಿ ಎಲ್ಲಿದೆ ಎಂದು ತೋರಿಸುವುದು, ಆಮೇಲೆ ಎದ್ದು ಕಾಣುವುದನ್ನು ಹೇಳುವುದು, ಕೊನೆಗೆ ಅದರ ಅರ್ಥವನ್ನು ಚರ್ಚಿಸುವುದು. ನನ್ನ ಮಟ್ಟಿಗೆ ಕಲಿಯಬೇಕಾದದ್ದು ಎರಡನೆಯ ಹೆಜ್ಜೆಯನ್ನೇ, ಏಕೆಂದರೆ ಎಲ್ಲ ಅಂಕಿಗಳನ್ನೂ ಒಂದಾದಮೇಲೊಂದು ಓದಿ ಹೇಳಿದರೆ ಅದು ವಿವರಣೆಯಾಗುವುದಿಲ್ಲ.

ಕರ್ನಾಟಕದ ಸಾಕ್ಷರತೆಯನ್ನೇ ನೋಡೋಣ. ಜನಗಣತಿಯಂತೆ ಅದು 1991ರಲ್ಲಿ ಶೇ 56.04, 2001ರಲ್ಲಿ ಶೇ 66.64, 2011ರಲ್ಲಿ ಶೇ 75.36. ಮೊದಲ ದಶಕದ ಏರಿಕೆ 10.6 ‘ಪರ್ಸೆಂಟೇಜ್ ಪಾಯಿಂಟ್’. ಇದನ್ನು ‘ಬೈ 10.6 ಪರ್ಸೆಂಟ್’ ಎಂದು ಬರೆದರೆ ಲೆಕ್ಕ ಕೆಡುತ್ತದೆ. 56.04ರ ಮೇಲೆ 10.6 ಸೇರಿದಾಗ ಆಗುವ ಸಾಪೇಕ್ಷ ಏರಿಕೆ ಸುಮಾರು ಶೇ 19. ಎರಡನೆಯ ದಶಕದ ಏರಿಕೆ 8.72 ಪಾಯಿಂಟ್. ಇಲ್ಲಿ ಸಾಕ್ಷರತೆ ಇಳಿಯಲಿಲ್ಲ, ಏರುವ ವೇಗ ತಗ್ಗಿತು. ‘ಕಂಟಿನ್ಯೂಡ್ ಟು ರೈಸ್, ಬಟ್ ಮೋರ್ ಸ್ಲೋಲಿ’ ಎಂಬುದು ಇದಕ್ಕೆ ಸರಿಯಾದ ವಾಕ್ಯ.

ಹೋಲಿಕೆ ಇನ್ನೂ ಹೆಚ್ಚು ಹೇಳುತ್ತದೆ. 2001ರಲ್ಲಿ ಪುರುಷರ ಸಾಕ್ಷರತೆ ಶೇ 76.10, ಮಹಿಳೆಯರದು ಶೇ 56.87, 2011ರಲ್ಲಿ ಕ್ರಮವಾಗಿ ಶೇ 82.47 ಮತ್ತು ಶೇ 68.08. ನಾಲ್ಕು ಅಂಕಿಗಳನ್ನು ನಾಲ್ಕು ವಾಕ್ಯಗಳಲ್ಲಿ ಹರಡುವುದಕ್ಕಿಂತ, ಎರಡೂ ಏರಿದವು, ಆದರೆ ನಡುವಿನ ಅಂತರ ಸುಮಾರು 19 ಪಾಯಿಂಟಿನಿಂದ 14ಕ್ಕೆ ಕುಗ್ಗಿತು ಎಂದು ‘ದಿ ಗ್ಯಾಪ್ ನ್ಯಾರೋಡ್’ ಎಂಬ ಕ್ರಿಯಾಪದದ ಸುತ್ತ ಕಟ್ಟಿದರೆ ನಕ್ಷೆಯ ಮಾತು ಸಿಕ್ಕಿತು. ಅಂತರ ಕುಗ್ಗಿದ್ದೇಕೆ ಎಂಬುದು ಈ ಅಂಕಿಗಳಲ್ಲಿಲ್ಲ. ಶಾಲೆ, ಸೈಕಲ್, ಬಿಸಿಯೂಟ ಎಂದು ಬರೆಯುವವರು ಬೇರೆ ಆಧಾರ ತರಬೇಕು. ಇಲ್ಲದಿದ್ದರೆ ಆ ವಾಕ್ಯವನ್ನು ಹೊಡೆದುಹಾಕಬೇಕು.