ಉಪಗ್ರಹ ಚಿತ್ರಗಳ ಹೋಲಿಕೆ: ಕೆರೆ ಒತ್ತುವರಿಯ ಪರಿಶೀಲನೆ

ಒಂದೇ ಜಾಗದ, ಬೇರೆ ಬೇರೆ ವರ್ಷಗಳಲ್ಲಿ ತೆಗೆದ ಉಪಗ್ರಹ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು, ಅಲ್ಲಿ ಮಣ್ಣು ತುಂಬಿದ್ದು ಅಥವಾ ಕಟ್ಟಡ ಎದ್ದದ್ದು ನಿಜವೇ, ನಿಜವಾದರೆ ಯಾವಾಗಿನಿಂದ ಎಂದು ನಿರ್ಧರಿಸುವ ವಿಧಾನ ಇದು. ಕರ್ನಾಟಕದಲ್ಲಿ ಕೆರೆ, ರಾಜಕಾಲುವೆ, ಗೋಮಾಳಗಳ ತಕರಾರುಗಳಲ್ಲಿ ಇದು ಬಳಕೆಗೆ ಬರುತ್ತದೆ. ಇವುಗಳಲ್ಲಿ ಕೆರೆಯ ಪ್ರಕರಣವೇ ಹೆಚ್ಚು ಕಠಿಣ. ಗೋಮಾಳದ ನೆಲ ಇದ್ದಲ್ಲೇ ಇರುತ್ತದೆ, ಕೆರೆಯ ನೀರಿನ ಅಂಚು ಮಾತ್ರ ಯಾರೂ ಮುಟ್ಟದಿದ್ದರೂ ವರ್ಷವಿಡೀ ಸರಿದಾಡುತ್ತದೆ.

ಸಿಗುವ ಚಿತ್ರಗಳೆಲ್ಲ ಒಂದೇ ಹದದವಲ್ಲ. 1984ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್-5ರ ಚಿತ್ರದಲ್ಲಿ ಒಂದು ಚುಕ್ಕಿ 30 ಮೀಟರ್ ಉದ್ದ, 30 ಮೀಟರ್ ಅಗಲದ ನೆಲವನ್ನು, ಅಂದರೆ ಸುಮಾರು 9 ಗುಂಟೆಯನ್ನು ಒಂದೇ ಬಣ್ಣವಾಗಿ ತೋರಿಸುತ್ತದೆ. 2015ರಿಂದ ಸಿಗುವ ಸೆಂಟಿನೆಲ್-2ರ ಚುಕ್ಕಿ 10 ಮೀಟರಿನದು, ಸುಮಾರು ಒಂದು ಗುಂಟೆ. ಇಸ್ರೋದ ಕಾರ್ಟೋಸ್ಯಾಟ್-1 (2005) ಎರಡೂವರೆ ಮೀಟರ್‌ವರೆಗೆ ಬಿಡಿಸಿ ತೋರಿಸಿತು. ಗೂಗಲ್ ಅರ್ಥ್‌ನಲ್ಲಿ ಕಾಣುವ ಸ್ಪಷ್ಟ ಚಿತ್ರಗಳಲ್ಲಿ ಹಲವು ಒಂದು ಮೀಟರಿಗಿಂತಲೂ ಸೂಕ್ಷ್ಮವಾದವು. ಆದ್ದರಿಂದ 1995ರ ಲ್ಯಾಂಡ್‌ಸ್ಯಾಟ್ ಚಿತ್ರದಲ್ಲಿ ಮನೆ ಕಾಣುವುದಿಲ್ಲ ಎಂದ ಮಾತ್ರಕ್ಕೆ ಆಗ ಮನೆ ಇರಲಿಲ್ಲ ಎಂದಾಗದು. ಅರ್ಧ ಗುಂಟೆಯ ಮನೆ ಆ ಚಿತ್ರದಲ್ಲಿ ಕಾಣುವ ಸಾಧ್ಯತೆಯೇ ಇಲ್ಲ. ಕೆರೆಯ ಒಂದು ಎಕರೆ ಬಡಾವಣೆಯಾಯಿತೇ ಎಂಬ ಪ್ರಶ್ನೆಗೆ ಅದೇ ಚಿತ್ರ ಉಪಯುಕ್ತ ಸಾಕ್ಷಿಯಾಗಬಲ್ಲದು. ಹೋಲಿಕೆ ಯಾವಾಗಲೂ ಎರಡರಲ್ಲಿ ಒರಟಾದ ಚಿತ್ರದ ಮಟ್ಟದಲ್ಲೇ ನಡೆಯಬೇಕು.

ಹೆಚ್ಚಿನ ತಪ್ಪುಗಳು ಹುಟ್ಟುವುದು ಋತುವಿನಿಂದ. ಕೋಲಾರದ ಕಡೆ ಸೆಪ್ಟೆಂಬರ್–ಅಕ್ಟೋಬರಿನ ಮಳೆಗೆ ತುಂಬಿದ ಕೆರೆ ನವೆಂಬರಿನಲ್ಲಿ ವಿಸ್ತಾರವಾಗಿ ಕಾಣುತ್ತದೆ, ಮೇ ಹೊತ್ತಿಗೆ ಅಂಗಳ ಬಿರುಕು ಬಿಡುತ್ತದೆ. ತುಂಬಿದ ನವೆಂಬರನ್ನು ಬರಗಾಲದ ಮೇ ತಿಂಗಳ ಜೊತೆ ಹೋಲಿಸಿದರೆ ಅರ್ಧ ಕೆರೆ ಮಾಯವಾದಂತೆ ತೋರುತ್ತದೆ. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಅಂಥ ಕೆರೆಯ 2016 ಮತ್ತು 2022ರ ಚಿತ್ರಗಳನ್ನಿಟ್ಟರೆ ಕೆರೆ ಬೆಳೆದಂತೆಯೇ ಕಾಣುತ್ತದೆ, ಒಂದು ಮೂಲೆ ಮಣ್ಣಿನಡಿ ಹೋಗಿದ್ದರೂ ಗಮನಕ್ಕೆ ಬರುವುದಿಲ್ಲ. ನೀರಿನ ಮೇಲೆ ಹಬ್ಬಿದ ಜಲಕಳೆ ಮೇಲಿನಿಂದ ಹಸಿರು ಹೊಲದಂತೆ ಕಾಣುವುದರಿಂದ ಅದೂ ನೆಲವೆಂಬ ಭ್ರಮೆ ಹುಟ್ಟಿಸುತ್ತದೆ. ಹಾಗಾಗಿ ಒಂದೇ ತಿಂಗಳಿನ ಚಿತ್ರಗಳನ್ನು ಆಯಬೇಕು, ಮೋಡವಿಲ್ಲದ ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಜೊತೆಗೆ ಒಂದು ತುಂಬಿದ ವರ್ಷ, ಒಂದು ಬತ್ತಿದ ವರ್ಷ ಎರಡನ್ನೂ ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೆರೆಯ ಎಲ್ಲೆ ಎಂದರೆ ನೀರಿನ ಅಂಚಲ್ಲ, ದಾಖಲೆಯಲ್ಲಿರುವ ಸರ್ವೆ ನಂಬರಿನ ಗಡಿ. ಬತ್ತಿದ ಅಂಗಳವೂ ಕೆರೆಯೇ.

ತಪ್ಪಿನ ಮೂರನೆಯ ಮೂಲ ಕೋನ. ಉಪಗ್ರಹ ನೆತ್ತಿಯ ಮೇಲಿಂದಲೇ ನೋಡುವುದಿಲ್ಲ, ಅನೇಕ ಸಲ 20–25 ಡಿಗ್ರಿ ಓರೆಯಾಗಿ ನೋಡುತ್ತದೆ. ಆಗ ಎತ್ತರದ ವಸ್ತುವಿನ ತಲೆ ಉಪಗ್ರಹದಿಂದ ಆಚೆ ಕಡೆಗೆ ವಾಲಿದಂತೆ ಚಿತ್ರಕ್ಕೆ ಬರುತ್ತದೆ. 25 ಡಿಗ್ರಿ ಓರೆಯಲ್ಲಿ 10 ಮೀಟರ್ ಎತ್ತರದ ಮನೆಯ ಮಾಳಿಗೆ ತನ್ನ ಬುಡದಿಂದ ಹೆಚ್ಚುಕಡಿಮೆ ನಾಲ್ಕೂವರೆ ಮೀಟರ್ ದೂರ ಕಾಣುತ್ತದೆ. ಇನ್ನೊಂದು ವರ್ಷದ ಉಪಗ್ರಹ ಎದುರು ದಿಕ್ಕಿನಿಂದ ನೋಡಿದ್ದರೆ ಅದೇ ಮಾಳಿಗೆ ಒಂಬತ್ತು ಮೀಟರ್ ಸರಿದಂತಾಗುತ್ತದೆ, ಯಾರೋ ಗಡಿ ದಾಟಿ ಕಟ್ಟಿದಂತೆ ಕಾಣುತ್ತದೆ. ಅಳೆಯಬೇಕಾದದ್ದು ಗೋಡೆ ನೆಲ ಮುಟ್ಟುವ ಗೆರೆಯನ್ನು, ಮಾಳಿಗೆಯ ಅಂಚನ್ನಲ್ಲ.

ನೆರಳೂ ಮೋಸ ಮಾಡುತ್ತದೆ, ಆದರೆ ನೆರಳಿನಿಂದ ಸಿಗುವ ಸಹಾಯ ಅದಕ್ಕಿಂತ ಹೆಚ್ಚು. ಬೆಂಗಳೂರಿನ ಅಕ್ಷಾಂಶದಲ್ಲಿ ಡಿಸೆಂಬರಿನ ಬೆಳಗ್ಗೆ ಹತ್ತೂವರೆಗೆ ಸೂರ್ಯ ಸುಮಾರು 45 ಡಿಗ್ರಿ ಮೇಲಿರುತ್ತಾನೆ. ನೆರಳು ಕಟ್ಟಡದ ಎತ್ತರದಷ್ಟೇ ಉದ್ದವಾಗಿ ವಾಯುವ್ಯಕ್ಕೆ ಬೀಳುತ್ತದೆ. ಏಪ್ರಿಲ್ ಕೊನೆಗೆ ಅದು ಅರ್ಧಕ್ಕಿಳಿದು ಪಶ್ಚಿಮಕ್ಕೆ ತಿರುಗುತ್ತದೆ. ಬೆಳ್ಳಗೆ ಕಂಡ ಚೌಕಕ್ಕೆ ದಿನಾಂಕಕ್ಕೆ ಹೊಂದುವ ನೆರಳಿದ್ದರೆ ಅದು ಎದ್ದು ನಿಂತ ಕಟ್ಟಡ. ಸ್ಪಷ್ಟ ಚಿತ್ರದಲ್ಲೂ ನೆರಳಿಲ್ಲದಿದ್ದರೆ ಒಣ ಹೂಳು, ಕಣ ಅಥವಾ ಹೊಸದಾಗಿ ಹೊಡೆದ ಮಣ್ಣು ಇರಬಹುದು.

ಇಷ್ಟನ್ನು ಒಂದು ಮಾದರಿ ಪ್ರಕರಣದಲ್ಲಿ ನೋಡೋಣ. ಕೋಲಾರದ ಕಡೆಯ ಒಂದು ಕೆರೆಯ ಮೂಲೆಯಲ್ಲಿ 2019ರ ನಂತರ ಮಣ್ಣು ತುಂಬಿ ಶೆಡ್ ಕಟ್ಟಲಾಗಿದೆ ಎಂಬುದು ದೂರು. ಶೆಡ್ 2010ರಿಂದಲೂ ಇದೆ ಎಂಬುದು ಎದುರು ವಾದ. ಸ್ಪಷ್ಟ ಚಿತ್ರಗಳು ಸಿಕ್ಕಿದ್ದು 2011ರ ಫೆಬ್ರವರಿ, 2016ರ ಮಾರ್ಚ್, 2020ರ ಜನವರಿ ಮತ್ತು 2023ರ ಫೆಬ್ರವರಿಯವು ಎಂದುಕೊಳ್ಳಿ.

ಮೊದಲು ಏರಿಯ ತಿರುವು, ಕೋಡಿ, ಹಳೆಯ ಬಾವಿ, ರಸ್ತೆ ಕೂಡುವ ಜಾಗ ಇಂಥ ಅಲುಗದ ಗುರುತುಗಳನ್ನು ನಾಲ್ಕೂ ಚಿತ್ರಗಳಲ್ಲಿ ಹಿಡಿದು, ಅವು ಒಂದಕ್ಕೊಂದು ಎಷ್ಟು ಸರಿದಿವೆ ಎಂದು ಅಳೆಯಬೇಕು. ಇಲ್ಲಿ 4 ಮೀಟರ್ ಸರಿತ ಸಿಕ್ಕಿತು ಎನ್ನೋಣ. ನಂತರ ಗ್ರಾಮ ನಕ್ಷೆಯನ್ನು ಅವುಗಳ ಮೇಲೆ ಕೂರಿಸಬೇಕು. 1:7920 ಪ್ರಮಾಣದ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ ನೆಲದ ಮೇಲೆ 4 ಮೀಟರ್ ಆಗುತ್ತದೆ. ಹಳೆಯ ಕಾಗದದ ಮಡಿಕೆ, ಹಿಗ್ಗು ಸೇರಿ 8 ಮೀಟರ್ ದೋಷ ಉಳಿಯಿತು. ಗೋಡೆಯ ಬುಡ ಗುರುತಿಸುವುದರಲ್ಲಿ 1 ಮೀಟರ್. ಇವುಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ 9 ಮೀಟರ್. ಗಡಿಯಿಂದ ಈ ದೂರದೊಳಗೆ ಕಂಡದ್ದರ ಬಗ್ಗೆ ಚಿತ್ರ ಏನನ್ನೂ ಖಚಿತವಾಗಿ ಹೇಳಲಾರದು.

2011ರಲ್ಲಿ ಆ ಮೂಲೆ ಬರಿದು. 2016ರಲ್ಲಿ ಒಂದು ಬೆಳ್ಳನೆಯ ಚೌಕವಿದೆ. ಎದುರು ಪಕ್ಷ ಅದನ್ನೇ ಶೆಡ್ ಎನ್ನುತ್ತದೆ, ಆದರೆ ಪಕ್ಕದ ಕಂಬಕ್ಕೂ ನೆರಳಿರುವ ಚಿತ್ರದಲ್ಲಿ ಈ ಚೌಕಕ್ಕೆ ನೆರಳಿಲ್ಲ. 2020ರಲ್ಲಿ ಮಣ್ಣಿನ ದಿಬ್ಬ ಮತ್ತು ಲಾರಿ ಓಡಾಡಿದ ಜಾಡು ಕಾಣುತ್ತವೆ. 2023ರಲ್ಲಿ ತಗಡಿನ ಮಾಡು, ವಾಯುವ್ಯಕ್ಕೆ ಬಿದ್ದ ನೆರಳು, ಸುತ್ತ ಕಾಂಪೌಂಡ್ ಇವೆ. 2016ರ ನಂತರದ ಈ ಚಿತ್ರಗಳ ನಡುವಿನ ಅಂತರವನ್ನು ಸೆಂಟಿನೆಲ್-2 ತುಂಬುತ್ತದೆ. ಶೆಡ್ಡಿನ ಆಕಾರ ಅದರಲ್ಲಿ ಕಾಣುವುದಿಲ್ಲ, ಒಂದೆರಡು ಚುಕ್ಕಿಗಳ ಹೊಳಪಷ್ಟೇ ಕಾಣುತ್ತದೆ. 2018ರ ಡಿಸೆಂಬರಿನಲ್ಲಿ ಚುಕ್ಕಿಗಳು ಹಸಿಮಣ್ಣಿನ ಬಣ್ಣಕ್ಕೆ ತಿರುಗಿದವು. 2019 ಮತ್ತು 2020ರ ಮಳೆಗಾಲದಲ್ಲಿ ಹುಲ್ಲು ಬಂದು ಹಸಿರಾದವು. 2021ರ ಮಾರ್ಚಿನಲ್ಲಿ ಒಮ್ಮೆಗೇ ಹೊಳೆದು, ಮುಂದಿನ ಮಳೆಗಾಲದಲ್ಲಿ ಸುತ್ತಲಿನ ನೆಲವೆಲ್ಲ ಹಸಿರಾದರೂ ಹಾಗೇ ಉಳಿದವು. ಬರಿ ಮಣ್ಣು ಮಳೆಗೆ ಚಿಗುರುತ್ತದೆ, ತಗಡು ಚಿಗುರುವುದಿಲ್ಲ. ಒರಟು ಚಿತ್ರಗಳಲ್ಲಿ ಕಟ್ಟಡದ ಕಾಲ ಹಿಡಿಯಲು ಇದಕ್ಕಿಂತ ಭರವಸೆಯ ಪರೀಕ್ಷೆ ಕಡಿಮೆ. ಒಂದು ಎಚ್ಚರ ಮಾತ್ರ ಬೇಕು: 2022ರ ಜನವರಿ 25ರಿಂದ ಸೆಂಟಿನೆಲ್-2ರ ಕಡತಗಳಲ್ಲಿ ಪ್ರತಿ ಚುಕ್ಕಿಯ ಸಂಖ್ಯೆಗೆ 1000 ಕೂಡಿಸಲಾಗುತ್ತಿದೆ. ಅದನ್ನು ಕಳೆಯದೆ ಹೋಲಿಸಿದವರಿಗೆ ಊರೆಲ್ಲ ಒಂದೇ ದಿನ ಬದಲಾದಂತೆ ಕಾಣುತ್ತದೆ.

ಹೀಗೆ ನೋಡಿದಾಗ ಇಬ್ಬರ ಮಾತೂ ಪೂರ್ತಿ ನಿಲ್ಲುವುದಿಲ್ಲ. ಮಣ್ಣು ಬಿದ್ದದ್ದು ದೂರಿನಲ್ಲಿ ಹೇಳಿದ್ದಕ್ಕಿಂತ ಮುಂಚೆ, ಶೆಡ್ ಎದ್ದದ್ದು ಎದುರು ವಾದಕ್ಕಿಂತ ಹತ್ತು ವರ್ಷ ತಡವಾಗಿ. ಶೆಡ್ಡಿನ ಬುಡ ಗಡಿಯಿಂದ 26 ಮೀಟರ್ ಒಳಗಿದ್ದರೆ ಅದು ಕೆರೆಯ ಸರ್ವೆ ನಂಬರಿನಲ್ಲೇ ಇದೆ ಎನ್ನಲು ಅಡ್ಡಿಯಿಲ್ಲ. ಕಾಂಪೌಂಡಿನ ಗೋಡೆ 7 ಮೀಟರಷ್ಟೇ ಒಳಗಿದ್ದರೆ ಅದು 9 ಮೀಟರಿನ ದೋಷದೊಳಗೆ ಬೀಳುತ್ತದೆ. ಅದನ್ನು ಒತ್ತುವರಿ ಎಂದೂ, ಅಲ್ಲವೆಂದೂ ಬರೆಯಬಾರದು. ಭೂಮಾಪಕರು ಟಿಪ್ಪಣಿ ಹಿಡಿದು ಬಾಂದು ಕಲ್ಲಿನಿಂದ ಅಳೆದೇ ಅದನ್ನು ತೀರ್ಮಾನಿಸಬೇಕು. ಮಣ್ಣು ಹೊಡೆಸಿದವರು ಯಾರು, ಆ ಜಾಗಕ್ಕೆ ಹಿಂದೆಂದಾದರೂ ಮಂಜೂರಾತಿ ಇತ್ತೇ ಎಂಬುದಕ್ಕೂ ಪಹಣಿ ಮತ್ತು ಕಂದಾಯ ಕಡತಗಳನ್ನೇ ನೋಡಬೇಕು.

ವರದಿಯಲ್ಲಿ ಪ್ರತಿ ಚಿತ್ರದ ಉಪಗ್ರಹ, ದಿನಾಂಕ, ಓರೆಯ ಕೋನ ಮತ್ತು ಸೂರ್ಯನ ಎತ್ತರ ದಾಖಲಾಗಬೇಕು. ಗೂಗಲ್ ಅರ್ಥ್‌ನಿಂದ ತೆಗೆದದ್ದಾದರೆ Imagery Date ಸಾಲನ್ನು ಕರ್ಸರ್ ಆ ಮೂಲೆಯ ಮೇಲಿಟ್ಟೇ ಓದಬೇಕು. ಅಲ್ಲಿನ ಪರದೆ ಹಲವು ದಿನಗಳ ತುಂಡುಗಳನ್ನು ಜೋಡಿಸಿದ್ದಾಗಿರಬಹುದು, ಏರಿಯ ಈ ಬದಿಗೂ ಆ ಬದಿಗೂ ವರ್ಷಗಳ ಅಂತರ ಇರಬಹುದು. ಶೆಡ್ಡಿನ ಕಾಲವನ್ನೂ ಒಂದೇ ದಿನವಾಗಿ ಬರೆಯದೆ, ಅದು ಇಲ್ಲದ ಕೊನೆಯ ಚಿತ್ರ ಮತ್ತು ಇರುವ ಮೊದಲ ಚಿತ್ರ ಎಂಬ ಎರಡು ದಿನಾಂಕಗಳ ನಡುವೆ ಎಂದೇ ಬರೆಯಬೇಕು.